ಅಗ್ಗದ ಮಿಡಿ, ದುಬಾರಿ ಉಪ್ಪಿನಕಾಯಿ: ಕಚ್ಚಾಮಾಲಿನ ದರ ಮತ್ತು ಬಳಕೆಯ ವ್ಯತ್ಯಾಸ ಓದುವ ಬಗೆ

(ಶಿರಸಿಯಲ್ಲಿ ಸಣ್ಣ ಆಹಾರ ಘಟಕ ನಡೆಸುವವರು ಮತ್ತು ಅವರ ಲೆಕ್ಕ ಬರೆಯುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಆಗಬೇಕಾದ ಖರ್ಚನ್ನು ಮೊದಲೇ ಗೊತ್ತುಮಾಡಿಟ್ಟು ಆದ ಖರ್ಚಿನ ಜೊತೆ ಹೋಲಿಸುವ ಸ್ಟ್ಯಾಂಡರ್ಡ್ ಕಾಸ್ಟಿಂಗ್ ಎಂದೊಡನೆ ಪಠ್ಯಪುಸ್ತಕದಲ್ಲಿ ಎಲ್ಲೋ ಒಂದು ಕಾರ್ಖಾನೆ, ಅದರಲ್ಲಿ ‘ಎಕ್ಸ್’ ಎಂಬ ಕಚ್ಚಾಮಾಲು ಬರುತ್ತದೆ. ಆ ಎಕ್ಸ್ ಕೊಳೆಯುವುದಿಲ್ಲ, ಒಣಗುವುದಿಲ್ಲ, ವರ್ಷವಿಡೀ ಒಂದೇ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಕಡೆಯ ಮಾಲು ಹಾಗಲ್ಲ. ಅದಕ್ಕೇ ಇವತ್ತು ಅಪ್ಪೆಮಿಡಿಯನ್ನೇ ಹಿಡಿದುಕೊಳ್ಳೋಣ. ಅಘನಾಶಿನಿ, ಬೇಡ್ತಿ ಹೊಳೆಯಂಚಿನ ಮರಗಳಿಂದ ಇಳಿಯುವ ಈ ಮಿಡಿಗೆ ವರ್ಷದಲ್ಲಿ ಕೆಲವೇ ವಾರಗಳ ಕಾಲ. ಕೊಂಡ ಎರಡು ಮೂರು ದಿನದೊಳಗೆ ಉಪ್ಪಿಗೆ ಬೀಳಬೇಕು. ಬಾಟಲಿ ತುಂಬುವ ಕೆಲಸ ಮಾತ್ರ ಮುಂದಿನ ಮಿಡಿ ಬರುವ ತನಕ ನಡೆಯುತ್ತಲೇ ಇರುತ್ತದೆ. ಖರೀದಿ ಒಂದು ತಿಂಗಳು, ಬಳಕೆ ಹನ್ನೊಂದು ತಿಂಗಳು. ದರದ ವ್ಯತ್ಯಾಸವನ್ನೂ ಬಳಕೆಯ ವ್ಯತ್ಯಾಸವನ್ನೂ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ದಿನ ಅಳೆಯಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಲ್ಲಿ ಹೇಳುವ ದರ, ತೂಕ ಎಲ್ಲ ಲೆಕ್ಕ ತೋರಿಸುವುದಕ್ಕಾಗಿ ಇಟ್ಟುಕೊಂಡ ಅಂಕಿಗಳು. ನಿಮ್ಮ ಘಟಕದಲ್ಲಿ ಅವು ಬೇರೆ ಇರುತ್ತವೆ, ಕೂಡಿಸಿ ಕಳೆಯುವ ರೀತಿ ಇದೇ.

ಮೊದಲು ಪ್ರಮಾಣದ ಚೀಟಿ

100 ಕಿಲೋ ಉಪ್ಪಿನಕಾಯಿಗೆ ಎಷ್ಟು ಮಿಡಿ ಬೇಕು? ಅಡುಗೆ ಬಲ್ಲವರನ್ನು ಕೇಳಿದರೆ “76 ಕಿಲೋ” ಎನ್ನುತ್ತಾರೆ ಎಂದುಕೊಳ್ಳಿ. ಅವರು ಹೇಳುವುದು ಆರಿಸಿದ ಮೇಲಿನ ಒಳ್ಳೆಯ ಮಿಡಿಯ ತೂಕ. ಗೇಟಿನಲ್ಲಿ ಇಳಿಸಿಕೊಂಡ ಮಿಡಿಯಲ್ಲಿ ಜಜ್ಜಿದ್ದು, ತೊಟ್ಟು ಕಳಚಿ ಸೊನೆ ಸೋರಿದ್ದು, ಹುಳ ಕೊರೆದದ್ದು ಎಲ್ಲ ಸೇರಿ ನೂರಕ್ಕೆ ಐದು ಹೋಗುವುದು ಸಹಜ. ಹಾಗಾಗಿ 76ನ್ನು 0.95ರಿಂದ ಭಾಗಿಸಬೇಕು: 80 ಕಿಲೋ. ಪ್ರಮಾಣದ ಚೀಟಿಯಲ್ಲಿ ಬರೆಯಬೇಕಾದದ್ದು ಈ 80. 76 ಎಂದು ಬರೆದರೆ ಆರಿಸುವವರು ಎಷ್ಟೇ ಜಾಗ್ರತೆಯಿಂದ ಕೆಲಸ ಮಾಡಿದರೂ ಪ್ರತಿ ತಿಂಗಳೂ ಅವರ ಹೆಸರಿನಲ್ಲಿ ನಷ್ಟ ಬೀಳುತ್ತದೆ. ಮೂರನೇ ತಿಂಗಳಿಗೆ ಆ ವರದಿಯನ್ನು ಯಾರೂ ನೋಡುವುದಿಲ್ಲ.

ಆ 76 ಕಿಲೋ ಉಪ್ಪಿನಲ್ಲಿ ಕೂತು ನೀರು ಬಿಟ್ಟು ಚಿರುಟುತ್ತದೆ. ಸೋಸಿ ತೂಗಿದರೆ 57 ಕಿಲೋ ಎಂದಿಟ್ಟುಕೊಳ್ಳಿ. ಈ ಅಂಕಿಯನ್ನೂ ಚೀಟಿಯಲ್ಲಿ ಬರೆದಿಡಿ. ಡ್ರಮ್ಮಿನಿಂದ ಮಿಡಿ ತೆಗೆದು ಬಾಟಲಿಗೆ ಹಾಕುವಾಗ ತಕ್ಕಡಿಗೆ ಸಿಗುವುದು ಈ ಚಿರುಟಿದ ತೂಕವೇ. ಹಸಿ ತೂಕ ಮತ್ತು ಉಪ್ಪಿನ ತೂಕವನ್ನು ಒಂದೇ ಕಾಲಮ್ಮಿನಲ್ಲಿ ಕೂಡಿಸಿಟ್ಟ ದಾಸ್ತಾನು ಪುಸ್ತಕದಿಂದ ಯಾವ ವ್ಯತ್ಯಾಸವನ್ನೂ ತೆಗೆಯಲು ಬರುವುದಿಲ್ಲ.

ಇನ್ನು ದರ. ಪ್ರಮಾಣಿತ ದರ ಎಂದರೆ ಮಾಲು ನಿಮ್ಮ ಕಟ್ಟೆಗೆ ಬಂದು ಬೀಳುವವರೆಗಿನ ಖರ್ಚು. ಮಿಡಿಗೆ ಕಿಲೋಗೆ 150 ರೂಪಾಯಿ, ಗಾಡಿ ಬಾಡಿಗೆ 6, ಇಳಿಸುವ ಕೂಲಿ 4, ಒಟ್ಟು 160. ಮೆಣಸಿನಪುಡಿಯಂಥ ಜಿಎಸ್‌ಟಿ ಬೀಳುವ ಮಾಲಿನಲ್ಲಿ ಕಟ್ಟಿದ ತೆರಿಗೆ ಇನ್‌ಪುಟ್ ಕ್ರೆಡಿಟ್ಟಾಗಿ ವಾಪಸು ಸಿಗುವುದಾದರೆ ಅದನ್ನು ದರದಲ್ಲಿ ಸೇರಿಸಬೇಡಿ. ನೀವು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಕ್ರೆಡಿಟ್ ಇಲ್ಲ, ಆಗ ತೆರಿಗೆಯೂ ದರದ ಭಾಗವೇ.

ನೂರರ ಲೆಕ್ಕದಲ್ಲಿ ಕೊಂಡು ಕಿಲೋ ಲೆಕ್ಕದಲ್ಲಿ ಬಳಸಿದರೆ

ಅಪ್ಪೆಮಿಡಿಯನ್ನು ನಮ್ಮಲ್ಲಿ ಎಣಿಸಿ ಮಾರುತ್ತಾರೆ, ನೂರಕ್ಕೆ ಇಷ್ಟು ಎಂದು. ಎಷ್ಟೋ ಘಟಕಗಳ ಲೆಕ್ಕ ತಪ್ಪುವುದು ಈ ಒಂದು ಜಾಗದಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಕಿಲೋಗೆ 50 ಮಿಡಿ ತೂಗುತ್ತದೆ, ಅಂದರೆ ಒಂದು ಮಿಡಿ 20 ಗ್ರಾಂ, ಎಂದು ಮೊದಲೇ ಹಿಡಿದಿದ್ದೀರಿ. ನೂರಕ್ಕೆ 300 ರೂಪಾಯಿ ಕೊಟ್ಟರೆ ಕಿಲೋಗೆ 150 ಆಯಿತು, ಬಾಡಿಗೆ, ಕೂಲಿ ಬಿಟ್ಟರೆ ಸರಿಯಾಗಿ ಪ್ರಮಾಣಿತ ದರ. ಈಗ 10,000 ಮಿಡಿ ಬಂತು, ಬಿಲ್ಲು 30,000 ರೂಪಾಯಿ. ಸ್ಟೋರಿನವರು ತೂಗದೆ, 50ರಿಂದ ಭಾಗಿಸಿ, 200 ಕಿಲೋ ಎಂದು ಬರೆದುಕೊಂಡರು. ದರದ ವ್ಯತ್ಯಾಸ ಸೊನ್ನೆ. ಖರೀದಿ ಮಾಡಿದವರು ನಿಶ್ಚಿಂತೆ.

ಆದರೆ ಬಂದದ್ದು ಎಳೆಯ ಮಿಡಿ, ಒಂದೊಂದು 16 ಗ್ರಾಂ. ತಕ್ಕಡಿಗೆ ಹಾಕಿದ್ದರೆ 160 ಕಿಲೋ ತೋರಿಸುತ್ತಿತ್ತು. ಪುಸ್ತಕದಲ್ಲಿ ಇರುವ, ಕಟ್ಟೆಯ ಮೇಲೆ ಇಲ್ಲದ ಆ 40 ಕಿಲೋ ಎಲ್ಲಿ ಹೋಗುತ್ತದೆ? ಉಪ್ಪು ಹಾಕುವವರು 200 ಕಿಲೋ ಪಡೆದು ಕಡಿಮೆ ಮಾಲು ತೆಗೆದರು ಎಂದಾಗಿ, 40 ಗುಣಿಸು 150, ಅಂದರೆ 6,000 ರೂಪಾಯಿಯ ಪ್ರತಿಕೂಲ ಬಳಕೆ ವ್ಯತ್ಯಾಸವಾಗಿ ಅವರ ತಲೆಗೆ ಬೀಳುತ್ತದೆ. ತೂಗಿ ಬರೆದಿದ್ದರೆ ನಿಜವಾದ ದರ 30,000 ಭಾಗಿಸು 160, ಕಿಲೋಗೆ 187.50. ದರದ ವ್ಯತ್ಯಾಸ 160 ಗುಣಿಸು 37.50, ಅದೇ 6,000 ರೂಪಾಯಿ. ಮೊತ್ತ ಒಂದೇ, ಬಿದ್ದ ತಲೆ ಬೇರೆ. ವರ್ಷದ ಕೊನೆಯ ಲಾಭ ನಷ್ಟ ನೋಡುವವರಿಗೆ ಇದು ಕಾಣುವುದೇ ಇಲ್ಲ. ಉಪ್ಪಿನ ಕೋಣೆಯವರಿಗೆ ಮಾತ್ರ ತಾವು ಮಾಡದ ತಪ್ಪಿಗೆ ಉತ್ತರ ಕೊಡುವ ಪಾಡು.

ಎಣಿಸಿ ಕೊಳ್ಳುವುದನ್ನು ಬಿಡಬೇಕಿಲ್ಲ, ಮಾರುವವರು ಬಿಡಲೂ ಒಪ್ಪುವುದಿಲ್ಲ. ಎಣಿಸಿ ದುಡ್ಡು ಕೊಡಿ, ತೂಗಿ ಪುಸ್ತಕಕ್ಕೆ ಏರಿಸಿ. ಒಳಬರುವ ಚೀಟಿಯಲ್ಲಿ ಸಂಖ್ಯೆ, ತೂಕ ಎರಡಕ್ಕೂ ಜಾಗವಿರಲಿ.

ಒಂದು ಕೊಯ್ಲಿನ ಲೆಕ್ಕ

ಈಗ ಇಡೀ ಒಂದು ಕಾಲದ ಮಾಲು ತೆಗೆದುಕೊಳ್ಳೋಣ. ಗೇಟಿನಲ್ಲಿ ತೂಗಿ ಇಳಿಸಿಕೊಂಡದ್ದು 2,400 ಕಿಲೋ. ಬಾಡಿಗೆ, ಕೂಲಿ ಸೇರಿ ಕೊಟ್ಟದ್ದು 3,48,000 ರೂಪಾಯಿ. ಕಿಲೋಗೆ 145 ಬಿತ್ತು.

ದರದ ವ್ಯತ್ಯಾಸ: 2,400 ಗುಣಿಸು (160 ಕಳೆ 145), 36,000 ರೂಪಾಯಿ ಅನುಕೂಲ. ಇದನ್ನು ಕೊಂಡ ಮಾಲಿನ ಮೇಲೆಯೇ, ಕೊಂಡ ವಾರದಲ್ಲೇ ತೆಗೆಯಬೇಕು. ಬಳಸಿದಾಗ ತೆಗೆಯುತ್ತೇವೆ ಎಂದು ಕೂತರೆ ಮಾರ್ಚಿನ ದರದ ಸುದ್ದಿ ನವೆಂಬರಿನಲ್ಲಿ ಬರುತ್ತದೆ, ಆಗ ಮರದಲ್ಲಿ ಮಿಡಿಯೂ ಇಲ್ಲ, ಚೌಕಾಸಿ ಮಾಡಲು ಮಾರುವವರೂ ಇಲ್ಲ. ಇನ್ನೊಂದು ಅನುಕೂಲವೆಂದರೆ ದಾಸ್ತಾನು ಪುಸ್ತಕ ಪೂರ್ತಿ 160ರ ದರದಲ್ಲೇ ನಡೆಯುತ್ತದೆ. ಯಾವ ಡ್ರಮ್ಮಿನ ಮಿಡಿ ಯಾವ ದರದ್ದು ಎಂದು ಹುಡುಕಬೇಕಿಲ್ಲ.

ವರ್ಷದಲ್ಲಿ ಆದ ಒಳ್ಳೆಯ ಉಪ್ಪಿನಕಾಯಿ 2,650 ಕಿಲೋ. ಇಲ್ಲಿ ಒಂದು ಎಚ್ಚರ. ಯೋಜನೆಯಲ್ಲಿ 3,000 ಕಿಲೋ ಮಾಡಬೇಕೆಂದಿತ್ತು, ಅದಕ್ಕೆ 2,400 ಕಿಲೋ ಮಿಡಿ, ಬಳಸಿದ್ದೂ 2,400, ಹಾಗಾಗಿ ವ್ಯತ್ಯಾಸವಿಲ್ಲ ಎನ್ನುವವರಿದ್ದಾರೆ. ಅದು ತಪ್ಪು. ಪ್ರಮಾಣಿತ ಬಳಕೆ ಎಂದರೆ ನಿಜವಾಗಿ ಕೈಗೆ ಬಂದ ಉತ್ಪನ್ನಕ್ಕೆ ಎಷ್ಟು ಮಾಲು ಸಾಕಿತ್ತು ಎನ್ನುವುದು. 2,650 ಕಿಲೋಗೆ ಸಾಕಾಗಿದ್ದದ್ದು 2,120 ಕಿಲೋ ಮಿಡಿ. ಹೆಚ್ಚಾಗಿ ಹೋದದ್ದು 280 ಕಿಲೋ. 160ರ ದರದಲ್ಲಿ 44,800 ರೂಪಾಯಿ ಪ್ರತಿಕೂಲ.

ಇಲ್ಲಿ 145 ಹಾಕದೆ 160 ಹಾಕಿದ್ದೇಕೆ? ಬಳಸುವವರಿಗೆ ದರದ ಮೇಲೆ ಹಿಡಿತವಿಲ್ಲ. ಅವರ ಪೋಲಿಗೆ ಪ್ರತಿ ವರ್ಷ ಒಂದೇ ಬೆಲೆ ಕಟ್ಟಿದರಷ್ಟೇ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಲು ಬರುತ್ತದೆ. ಎಕ್ಸೆಲ್ ಶೀಟಿನಲ್ಲಿ ಇಡುವವರಿಗೆ ಸೂತ್ರ ಇಷ್ಟೇ. A2ರಲ್ಲಿ ಕೊಂಡ ಕಿಲೋ, B2ರಲ್ಲಿ ಕೊಟ್ಟ ಒಟ್ಟು ಹಣ, C2ರಲ್ಲಿ ಬಳಸಿದ ಕಿಲೋ, D2ರಲ್ಲಿ ಆದ ಉಪ್ಪಿನಕಾಯಿ:

```
=A2*160-B2
=(D2*0.8-C2)*160
```

ಮೊದಲ ಸಾಲು ದರದ್ದು, ಎರಡನೆಯದು ಬಳಕೆಯದು. ಉತ್ತರಕ್ಕೆ ಮೈನಸ್ ಬಂದರೆ ಪ್ರತಿಕೂಲ. ಎರಡನ್ನೂ ಕೂಡಿಸಿದರೆ 8,800 ರೂಪಾಯಿ ಪ್ರತಿಕೂಲ. ತಾಳೆ ನೋಡಿ: 2,120 ಕಿಲೋಗೆ 160ರಂತೆ 3,39,200 ಆಗಬೇಕಿತ್ತು, ಆದದ್ದು 3,48,000.

280 ಕಿಲೋ ಎಲ್ಲಿ ಹೋಯಿತು

ಬಳಕೆ ವ್ಯತ್ಯಾಸ 44,800 ಎಂದು ಬರೆದು ಕೆಳಗೆ ಗೆರೆ ಎಳೆದರೆ ಕೆಲಸ ಅರ್ಧವೂ ಆಗಿಲ್ಲ. ಮಿಡಿ ಎರಡು ಕಡೆ ಕಳೆದುಹೋಗಬಹುದು: ಆರಿಸುವ ಕಟ್ಟೆಯಲ್ಲಿ, ಇಲ್ಲವೇ ಡ್ರಮ್ಮಿನೊಳಗೆ. ನಡುವೆ ಒಮ್ಮೆ ತೂಗಿದ್ದರೆ ಮಾತ್ರ ಬಿಡಿಸಲು ಸಾಧ್ಯ.

ನಮ್ಮ ಉದಾಹರಣೆಯಲ್ಲಿ ತೂಗಿದ್ದಾರೆ. ಆರಿಸಿ ಡ್ರಮ್ಮಿಗೆ ಹೋದ ಒಳ್ಳೆಯ ಮಿಡಿ 2,128 ಕಿಲೋ. ಶೇಕಡ 5ರ ಸಹಜ ನಷ್ಟ ಸೇರಿಸಿದರೆ ಇಷ್ಟು ಮಿಡಿಗೆ 2,240 ಕಿಲೋ ಹಸಿ ಮಾಲು ಸಾಕಿತ್ತು. ಅಂದರೆ 160 ಕಿಲೋ ಆರಿಸುವ ಕಟ್ಟೆಯಲ್ಲೇ ಹೆಚ್ಚಾಗಿ ಹೋಗಿದೆ, 25,600 ರೂಪಾಯಿ. ಉಳಿದ 120 ಕಿಲೋ, 19,200 ರೂಪಾಯಿ, ಡ್ರಮ್ಮಿನಲ್ಲಿ ಹೋದದ್ದು.

ಮೊದಲ ಭಾಗಕ್ಕೆ ಕಾರಣ ಹುಡುಕಲು ರಾಶಿಯ ಹತ್ತಿರ ಹೋಗಿ ಕೂರಬೇಕು. ಮರ ಹತ್ತಿ ಕೊಯ್ದು ಬುಟ್ಟಿಯಲ್ಲಿ ಇಳಿಸಿದ ಮಿಡಿಗೆ ತೊಟ್ಟು ಇರುತ್ತದೆ, ಸೊನೆ ಒಳಗೇ ಇರುತ್ತದೆ, ಬೆರಳಲ್ಲಿ ಒತ್ತಿದರೆ ಕಲ್ಲಿನ ಹಾಗೆ. ಕೊಂಬೆ ಅಲುಗಿಸಿ ನೆಲಕ್ಕೆ ಉದುರಿಸಿದ ಮಿಡಿ ಮೊದಲ ದಿನ ಅಷ್ಟೇ ಚೆನ್ನಾಗಿ ಕಾಣುತ್ತದೆ. ಆದರೆ ತೊಟ್ಟು ಕಳಚಿದ ಜಾಗದಿಂದ ಸೊನೆ ಇಳಿದು ಸಿಪ್ಪೆಯ ಮೇಲೆ ಕಪ್ಪು ಗೆರೆ ಮೂಡಿರುತ್ತದೆ, ಒಂದು ಮಗ್ಗುಲು ಮರುದಿನಕ್ಕೆ ಮೆತ್ತಗಾಗುತ್ತದೆ. ರಾಶಿಯ ನಾಲ್ಕು ಕಡೆಯಿಂದ ನೂರು ಮಿಡಿ ಎತ್ತಿ ತೊಟ್ಟಿಲ್ಲದವನ್ನು ಎಣಿಸಿ. ಐದು ನಿಮಿಷದ ಕೆಲಸ. ಆ ಸಂಖ್ಯೆಯನ್ನು ಒಳಬರುವ ಚೀಟಿಯಲ್ಲಿ ಬರೆದಿಟ್ಟರೆ, ಆಮೇಲೆ ಬಂದ ಆರಿಸುವ ನಷ್ಟ ಯಾವ ಗಾಡಿಯದು ಎಂದು ತಾನಾಗಿ ಗೊತ್ತಾಗುತ್ತದೆ.

ಆ ವಾರ ತೊಟ್ಟಿರುವ ಒಳ್ಳೆಯ ಮಿಡಿಯ ದರ 150ರ ಆಸುಪಾಸಿನಲ್ಲೇ ಇದ್ದು, ನೀವು ಕೊಂಡದ್ದು ಮಾತ್ರ 135ಕ್ಕಾದರೆ, ಆ 36,000ದ ಅನುಕೂಲ ಚೌಕಾಸಿಯಿಂದ ಬಂದದ್ದಲ್ಲ. ಉದುರಿಸಿದ ಮಿಡಿ ಕೊಂಡಿದ್ದರಿಂದ ಬಂದದ್ದು. ಆಗ 25,600ದ ಬಳಕೆ ವ್ಯತ್ಯಾಸವನ್ನು ಆರಿಸುವವರ ಲೆಕ್ಕದಿಂದ ತೆಗೆದು ಖರೀದಿಯ ಎದುರಿಗೇ ಬರೆಯುವುದು ನ್ಯಾಯ. ಬದಲಿಗೆ ಇಡೀ ಪೇಟೆಯೇ ಇಳಿದಿದ್ದರೆ (ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಹೆಚ್ಚು ಬಿಡುವ ಮರ, ಇದೇನು ಅಪರೂಪವಲ್ಲ) ಆ ಅನುಕೂಲ ಯಾರ ಜಾಣತನವೂ ಅಲ್ಲ. ಹಾಗಾಗಿ ದರದ ವ್ಯತ್ಯಾಸದ ಪಕ್ಕದಲ್ಲಿ ಆ ವಾರದ ಪೇಟೆ ದರ ಬರೆಯದ ವರದಿಯನ್ನು ನಂಬಬೇಡಿ.

ಉಪ್ಪಿನಲ್ಲಿ ಉಳಿಸಿದ 1,200 ರೂಪಾಯಿ

ಡ್ರಮ್ಮಿನಲ್ಲಿ ಹೋದ 120 ಕಿಲೋಗೆ ಕಾರಣ ಬೇರೆ. ಅದು ಮಿಡಿಯ ಸಾಲಿನಲ್ಲಿ ಕಾಣುವುದಿಲ್ಲ, ಉಪ್ಪಿನ ಸಾಲಿನಲ್ಲಿ ಕಾಣುತ್ತದೆ.

ಪ್ರಮಾಣದ ಪ್ರಕಾರ ನಾಲ್ಕು ಕಿಲೋ ಮಿಡಿಗೆ ಒಂದು ಕಿಲೋ ಕಲ್ಲುಪ್ಪು. 2,128 ಕಿಲೋಗೆ 532 ಕಿಲೋ ಬೇಕಿತ್ತು. ಹಾಕಿದ್ದು 432. ಕಿಲೋಗೆ 12 ರೂಪಾಯಿ ಹಿಡಿದರೆ 1,200 ರೂಪಾಯಿ ಅನುಕೂಲ. ಲಕ್ಷಗಟ್ಟಲೆ ವಹಿವಾಟಿನ ವರದಿಯಲ್ಲಿ ಇಷ್ಟು ಸಣ್ಣ ಮೊತ್ತವನ್ನು, ಅದೂ ಅನುಕೂಲವಾಗಿರುವುದನ್ನು, ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ. ಉಪ್ಪು ಐದರಲ್ಲಿ ಒಂದು ಪಾಲು ಕಡಿಮೆಯಾದ ಡ್ರಮ್ಮಿನಲ್ಲಿ ಕೆಲವು ವಾರಗಳಲ್ಲಿ ಉಪ್ಪುನೀರಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಮಿಡಿ ಮೆತ್ತಗಾಗುತ್ತದೆ, ಗರಿಗರಿ ಹೋದ ಮಿಡಿಯನ್ನು ಬಾಟಲಿ ತುಂಬುವಾಗ ಎಸೆಯಬೇಕಾಗುತ್ತದೆ. 1,200 ಉಳಿಸಿ 19,200 ಕಳೆದುಕೊಂಡ ಲೆಕ್ಕ ಇದು.

ಜಜ್ಜಿದ ಮಿಡಿಯ ನಷ್ಟವನ್ನೂ ಉಪ್ಪು ಕಡಿಮೆಯಾದ ನಷ್ಟವನ್ನೂ ಬೇರೆ ಮಾಡುವುದು ಕಾಲ ನೋಡಿ. ಜಜ್ಜಿದ್ದು ಮೊದಲ ಕೆಲವು ದಿನಗಳಲ್ಲೇ, ಒಂದೊಂದು ಮಿಡಿಯಲ್ಲಿ ಕಲೆಯಾಗಿ ಕಾಣುತ್ತದೆ. ಉಪ್ಪಿನ ಕೊರತೆ ತಡವಾಗಿ ತೋರುತ್ತದೆ, ತೋರಿದಾಗ ಇಡೀ ಡ್ರಮ್ಮೇ ಮೆತ್ತಗಾಗಿರುತ್ತದೆ. ಡ್ರಮ್ಮಿಗೆ ನಂಬರ್ ಹಾಕಿ, ಯಾವುದಕ್ಕೆ ಎಷ್ಟು ಮಿಡಿ, ಎಷ್ಟು ಉಪ್ಪು ಎಂದು ಬರೆದಿಟ್ಟವರಿಗೆ ಇದು ಒಂದೇ ನೋಟಕ್ಕೆ ತಿಳಿಯುತ್ತದೆ.

ಉಪ್ಪಿನ ಪ್ರಮಾಣವನ್ನು ಆದ ಉಪ್ಪಿನಕಾಯಿಯ ಮೇಲೆ ಹಾಕಿದರೆ (100 ಕಿಲೋಗೆ 19) 2,650 ಕಿಲೋಗೆ 503.5 ಬರುತ್ತದೆ, ಕೊರತೆ 71.5 ಕಿಲೋ ಎಂದಷ್ಟೇ ಕಾಣುತ್ತದೆ. ಮಿಡಿ ಹಾಳಾದಷ್ಟೂ ಉಪ್ಪಿನ ಕೊರತೆ ಮುಚ್ಚಿಹೋಗುವ ವಿಚಿತ್ರ. ವೆಚ್ಚದ ವರದಿಗೆ ಅದೇ ಸರಿ, ಆದರೆ ಕಾರಣ ಹುಡುಕುವಾಗ ಡ್ರಮ್ಮಿಗೆ ಹೋದ ಮಿಡಿಯ ಮೇಲೆ ಲೆಕ್ಕ ಹಾಕಿ, ರೂಪಾಯಿ ಬಿಟ್ಟು ಕಿಲೋದಲ್ಲೇ ನೋಡಿ. ಮಳೆಗಾಲದಲ್ಲಿ ತೂಗಿದ ಉಪ್ಪಿನ ಅಂಕಿಯನ್ನೂ ಸ್ವಲ್ಪ ಅನುಮಾನದಿಂದ ನೋಡಬೇಕು. ಸಾಣಿಕಟ್ಟೆಯದಿರಲಿ ಬೇರೆಡೆಯದಿರಲಿ, ನಮ್ಮ ಕಡೆಯ ಹವೆಯಲ್ಲಿ ಬಿಚ್ಚಿಟ್ಟ ಕಲ್ಲುಪ್ಪು ನೀರು ಹೀರಿ ತೂಗುತ್ತದೆ. ತಕ್ಕಡಿ ಸರಿಯಾದ ತೂಕ ತೋರಿಸಿದರೂ ಡ್ರಮ್ಮಿಗೆ ಹೋದ ಉಪ್ಪು ಅಷ್ಟಿರುವುದಿಲ್ಲ.

ಮಾರ್ಚ್ 31

ನಮ್ಮ ಮಿಡಿಯ ಕಾಲವೂ ಲೆಕ್ಕದ ವರ್ಷದ ಕೊನೆಯೂ ಒಟ್ಟಿಗೇ ಬರುತ್ತವೆ. ಮಾರ್ಚ್ 31ರ ಸಂಜೆ ಡ್ರಮ್ಮುಗಳೆಲ್ಲ ಭರ್ತಿ, ಹೊಸ ಮಿಡಿಯ ಒಂದು ಬಾಟಲಿಯೂ ಮಾರಾಟವಾಗಿಲ್ಲ. ಡ್ರಮ್ಮಿನೊಳಗಿನ ನಷ್ಟ ಇನ್ನೂ ತೋರಿಲ್ಲ. ಆದರೆ ಅಲ್ಲಿಯವರೆಗಿನ ವ್ಯತ್ಯಾಸಗಳನ್ನು ಹಾಗೇ ಲಾಭನಷ್ಟಕ್ಕೆ ಒಯ್ದರೆ 36,000 ಅನುಕೂಲ, 25,600 ಪ್ರತಿಕೂಲ, ನಿಂತ ನಿಲುವಿನಲ್ಲೇ 10,400 ರೂಪಾಯಿ ಲಾಭ! ಮಾರದೆ ಬಂದ ಲಾಭಕ್ಕೆ ತೆರಿಗೆ ಮಾತ್ರ ನಿಜ.

ಲೆಕ್ಕಪತ್ರ ಮಾನದಂಡ ಎಎಸ್ 2 ದಾಸ್ತಾನನ್ನು ಪ್ರಮಾಣಿತ ವೆಚ್ಚದಲ್ಲಿ ಇಡಲು ಒಪ್ಪುತ್ತದೆ, ಆದರೆ ಅದು ನಿಜವಾದ ವೆಚ್ಚಕ್ಕೆ ಹತ್ತಿರವಿರಬೇಕು ಎನ್ನುತ್ತದೆ. ಅಸಹಜ ನಷ್ಟವನ್ನು ದಾಸ್ತಾನಿನ ಬೆಲೆಗೆ ಸೇರಿಸಲು ಬಿಡುವುದಿಲ್ಲ. ಎರಡು ವ್ಯತ್ಯಾಸಗಳ ದಾರಿ ಇಲ್ಲಿ ಬೇರೆಯಾಗುತ್ತದೆ. ಡ್ರಮ್ಮಿನಲ್ಲಿರುವುದು 2,240 ಕಿಲೋ ಹಸಿ ಮಾಲಿಗೆ ಸಮ. 160ರಲ್ಲಿ 3,58,400. ಅದಕ್ಕೆ ಸೇರಿದ ದರದ ಅನುಕೂಲ, 2,240 ಗುಣಿಸು 15, ಅಂದರೆ 33,600 ಕಳೆದು ದಾಸ್ತಾನನ್ನು 3,24,800ಕ್ಕೆ ಇಳಿಸಬೇಕು. ಕೊಟ್ಟ 3,48,000ದಲ್ಲಿ ಉಳಿದ 23,200 ರೂಪಾಯಿ ಆ ವರ್ಷದ ನಷ್ಟ. 10,400 ಲಾಭ ಎಂದು ಕಂಡದ್ದು ನಿಜದಲ್ಲಿ 23,200 ನಷ್ಟ.

ಕೇಳಿದ ಒಂದು ಪ್ರಶ್ನೆ

ಮಾತಿನ ಕೊನೆಗೆ ಸಭೆಯಲ್ಲಿದ್ದವರೊಬ್ಬರು ಕೇಳಿದರು: “ಒಟ್ಟು ಲುಕ್ಸಾನು 8,800 ಅಷ್ಟೇ ಅಲ್ಲವಾ? ಅಗ್ಗದ್ದು ಕೊಂಡರೆ ಅಷ್ಟು ಹೋದರೆ ಹೋಗಲಿ ಅಂದರೆ ಆಗದಾ?”

ಆಗದು, ಯಾಕೆಂದರೆ ಹೆಚ್ಚಾಗಿ ಹೋದ ಮಿಡಿಗೆ ನಾವು ಕಟ್ಟಿದ ಬೆಲೆ 160. ಅದು ಮತ್ತೆ 160ಕ್ಕೆ ಸಿಗುವ ಮಾಲಿಗೆ ಸರಿಯಾದ ಬೆಲೆ. ಜುಲೈನಲ್ಲಿ ಮಿಡಿ ಯಾವ ಬೆಲೆಗೂ ಸಿಗುವುದಿಲ್ಲ. 2,400 ಕಿಲೋಗೆ 3,000 ಕಿಲೋ ಉಪ್ಪಿನಕಾಯಿ ಆಗಬೇಕಿತ್ತು, 350 ಕಿಲೋ ಕಡಿಮೆಯಾಯಿತು. ಕಿಲೋಗೆ 320ರಂತೆ ಮಾರುವವರು, ಮೆಣಸು, ಸಾಸಿವೆ, ಬಾಟಲಿ, ಲೇಬಲ್ಲಿಗೆ 90 ಖರ್ಚು ಮಾಡುವವರು ಎಂದುಕೊಂಡರೆ ಕಿಲೋಗೆ 230 ಕೈತಪ್ಪಿತು, ಒಟ್ಟು 80,500 ರೂಪಾಯಿ. ಬಳಕೆ ವ್ಯತ್ಯಾಸದ ಸಾಲಿನಲ್ಲಿ ತೋರಿದ್ದು 44,800 ಮಾತ್ರ. ಮೆಣಸಿನಪುಡಿ ಪೋಲಾದರೆ ಪ್ರಮಾಣಿತ ದರದ ಲೆಕ್ಕವೇ ಸಾಕು, ನಾಳೆ ಪೇಟೆಯಿಂದ ತರಬಹುದು. ಮಿಡಿಗೆ ಮಾತ್ರ, ಆದ ಉಪ್ಪಿನಕಾಯಿಗೆ ಬೇಡಿಕೆ ಇರುವ ವರ್ಷಗಳಲ್ಲಿ, ವರದಿಯ ಕೆಳಗೆ ಕೈತಪ್ಪಿದ ಮಾರಾಟದ ಈ ಒಂದು ಸಾಲನ್ನು ಬೇರೆಯಾಗಿ ಬರೆಯಿರಿ. ಹಿಂದಿನ ವರ್ಷದ ಡ್ರಮ್ಮು ಇನ್ನೂ ಉಳಿದಿರುವವರು ಬರೆಯಬೇಕಿಲ್ಲ.